ಮಕ್ಕಳ ಕಳ್ಳರ ವಿಡಿಯೊ: ಗುಂಪಿಗೆ ಹಾಕುವ ಮುನ್ನ ಹತ್ತು ನಿಮಿಷ

"ನಮ್ಮ ಏರಿಯಾಗೆ ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ತಿಳಿಸಿ" ಎಂಬ ಸಂದೇಶ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬರುವಾಗ ಜೊತೆಗೆ ಒಂದು ವಿಡಿಯೊ ಇದ್ದೇ ಇರುತ್ತದೆ. ಸುಳ್ಳಿರಬಹುದು ಎಂದು ಯಾರಾದರೂ ಹೇಳಿದರೆ, "ವಿಡಿಯೊದಲ್ಲಿ ಕಣ್ಣಿಗೇ ಕಾಣುತ್ತಿದೆಯಲ್ಲ" ಎಂಬ ಉತ್ತರ ಬರುತ್ತದೆ. ಅದು ನ್ಯಾಯವಾದ ಮಾತೇ. ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ನಿಜವಾಗಿ ಚಿತ್ರೀಕರಿಸಿದವೇ. ಅವು ಎಲ್ಲಿಯವು, ಯಾವಾಗಿನವು, ಯಾಕಾಗಿ ತೆಗೆದವು ಎಂಬುದನ್ನು ಮಾತ್ರ ಯಾರೋ ಕತ್ತರಿಸಿರುತ್ತಾರೆ.

2018ರಲ್ಲಿ ಬೆಂಗಳೂರಿನ ಫೋನುಗಳಲ್ಲೆಲ್ಲ ಓಡಾಡಿದ ವಿಡಿಯೊವನ್ನೇ ನೋಡಿ. ಓಣಿಯೊಂದರಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬಂದು, ಒಂದು ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. ನಮಗೆ ಬಂದ ತುಣುಕು ಅಲ್ಲಿಗೇ ಮುಗಿಯುತ್ತಿತ್ತು. ಮೂಲ ವಿಡಿಯೊ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಬೈಕು ತಿರುಗಿ ಬಂದು ಮಗುವನ್ನು ಇಳಿಸುತ್ತದೆ, ಸವಾರರು ಒಂದು ಫಲಕ ಬಿಡಿಸಿ ಹಿಡಿಯುತ್ತಾರೆ. ಪಾಕಿಸ್ತಾನದ ಕರಾಚಿಯಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಕಾಣೆಯಾಗುತ್ತಾರೆ ಎಂದು ಅದರಲ್ಲಿ ಬರೆದಿದೆ. ಅದು ಅಲ್ಲಿನ ಸ್ವಯಂಸೇವಾ ಸಂಸ್ಥೆಯೊಂದು ತಂದೆತಾಯಂದಿರ ಜಾಗೃತಿಗಾಗಿ ಮಾಡಿಸಿದ ಜಾಹೀರಾತು. ಕೊನೆಯ ಕೆಲವು ಸೆಕೆಂಡು ಕತ್ತರಿಸಿ, ನಮ್ಮೂರಿನ ಹೆಸರು ಸೇರಿಸಿದ್ದಷ್ಟೇ ಕಿಡಿಗೇಡಿಗಳು ಮಾಡಿದ ಕೆಲಸ.

ಇಂಥದ್ದನ್ನು ಪತ್ತೆ ಮಾಡಲು ಒಂದು ಫೋನು ಸಾಕು. ವಿಡಿಯೊವನ್ನು ಮುಖಗಳಿಗಿಂತ ಹಿನ್ನೆಲೆ ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿ. ಅಂಗಡಿಯ ಬೋರ್ಡು, ವಾಹನದ ನಂಬರ್ ಪ್ಲೇಟು, ಗೋಡೆಬರಹ, ಶಾಲೆಯ ಸಮವಸ್ತ್ರ ಇಂಥವು ಕಂಡರೆ ಒಳ್ಳೆಯದು. ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಯಾರೋ ಹಾಕಿದ ಕೆಂಪು ವೃತ್ತ, ಬಾಣ, ದಪ್ಪಕ್ಷರದ ಸಾಲು ಇದ್ದರೆ ಅಷ್ಟು ಭಾಗ ಕತ್ತರಿಸಿ ತೆಗೆಯಿರಿ, ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಅವುಗಳಿಂದಲೇ. ಆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಡಿ. ಒಂದು ದೃಶ್ಯದಿಂದ ಏನೂ ಸಿಗದಿದ್ದರೆ, ವಿಡಿಯೊದ ಆರಂಭ, ನಡು, ಕೊನೆಯಿಂದ ಒಂದೊಂದು ದೃಶ್ಯ ತೆಗೆದು ಮತ್ತೆ ನೋಡಿ.

ಫಲಿತಾಂಶ ಓದುವಾಗಲೇ ಹೆಚ್ಚಿನವರು ಎಡವುವುದು. ಮೊದಲು ಕಾಣುವ ನಾಲ್ಕೈದು ಕೊಂಡಿಗಳು ಅದೇ ಗಾಳಿಸುದ್ದಿಯನ್ನು ಹಂಚಿಕೊಂಡ ಪುಟಗಳಾಗಿರಬಹುದು. "ಇಷ್ಟು ಜನ ಹಾಕಿದ್ದಾರೆ, ನಿಜವೇ ಇರಬೇಕು" ಎಂದು ಅಲ್ಲಿಗೇ ನಿಲ್ಲಿಸಬೇಡಿ. ನಿಮಗೆ ಬೇಕಿರುವುದು ಅತಿ ಹಳೆಯ ದಿನಾಂಕ. "ನಿನ್ನೆ ಯಲಹಂಕದಲ್ಲಿ ನಡೆದದ್ದು" ಎಂಬ ವಿಡಿಯೊ ಎರಡು ವರ್ಷದ ಹಿಂದೆಯೇ ಬೇರೆ ದೇಶದ ಪುಟದಲ್ಲಿದ್ದರೆ ವಿಷಯ ಮುಗಿಯಿತು. ವಿಡಿಯೊವನ್ನು ಎಡಬಲ ತಿರುಗಿಸಿದ್ದರೆ, ಅಥವಾ ಕೈಯಿಂದ ಕೈಗೆ ಹೋಗಿ ಚಿತ್ರ ತೀರಾ ಮಸುಕಾಗಿದ್ದರೆ, ಈ ಹುಡುಕಾಟದಲ್ಲಿ ಏನೂ ಸಿಗದೆ ಹೋಗಬಹುದು. ಏನೂ ಸಿಗಲಿಲ್ಲ ಎಂದರೆ ಸಂದೇಶ ನಿಜ ಎಂದರ್ಥವಲ್ಲ.

ಧ್ವನಿ ಸಂದೇಶವನ್ನು ಹೀಗೆ ಹುಡುಕಲಾಗುವುದಿಲ್ಲ. ಅಲ್ಲಿ ಮಾತಿನಲ್ಲಿ ಏನಿಲ್ಲ ಎಂಬುದನ್ನು ಕೇಳಿಸಿಕೊಳ್ಳಬೇಕು. ಕಾಣೆಯಾದ ಮಗುವಿನ ಬಗ್ಗೆ ಪೊಲೀಸರ ಪ್ರಕಟಣೆಯಲ್ಲಿ ಹೆಸರು, ವಯಸ್ಸು, ತೊಟ್ಟ ಬಟ್ಟೆ, ಕೊನೆಯ ಬಾರಿ ಕಂಡ ಜಾಗ ಮತ್ತು ದಿನಾಂಕ, ಠಾಣೆಯ ಹೆಸರು, ಫೋನ್ ನಂಬರ್ ಇರುತ್ತವೆ. ಗಾಳಿಸುದ್ದಿಯಲ್ಲಿ "ನಿನ್ನೆ", "ನಮ್ಮ ಪಕ್ಕದ ಏರಿಯಾ", "ನಮ್ಮ ಪರಿಚಯದ ಪೊಲೀಸರೇ ಹೇಳಿದ್ದು" ಇರುತ್ತವೆ. "ನಿನ್ನೆ" ಎಂಬ ಸಂದೇಶ ಆರು ತಿಂಗಳ ಮೇಲೂ ತಾಜಾ ಆಗಿಯೇ ಕಾಣುತ್ತದೆ.

Forwarded ಎಂಬ ಗುರುತನ್ನು ನೋಡಿ ಎಂದು ಹಲವರು ಹೇಳುತ್ತಾರೆ. ಜೋಡಿ ಬಾಣದ ಗುರುತು ಇದ್ದರೆ ಸಂದೇಶ ಬಹಳ ಕೈ ದಾಟಿ ಬಂದಿದೆ ಎಂದರ್ಥ, ಅಷ್ಟು ಉಪಯೋಗ ಉಂಟು. ಆದರೆ ಗುರುತು ಇಲ್ಲದ ಮಾತ್ರಕ್ಕೆ ನಂಬಬೇಡಿ. ಬರಹವನ್ನು ಕಾಪಿ ಮಾಡಿ ಅಂಟಿಸಿದರೆ, ವಿಡಿಯೊವನ್ನು ಗ್ಯಾಲರಿಯಿಂದ ಹೊಸದಾಗಿ ಹಾಕಿದರೆ ಆ ಗುರುತು ಬರುವುದೇ ಇಲ್ಲ. ಆಗ ಅದು ಎದುರು ಮನೆಯ ಆಂಟಿಯೇ ಬರೆದಂತೆ ಕಾಣುತ್ತದೆ.

"ಸುಳ್ಳಾದರೂ ಪರವಾಗಿಲ್ಲ, ಜನ ಹುಷಾರಾಗಿರುತ್ತಾರೆ" ಎಂಬ ವಾದವನ್ನು ಒಪ್ಪುವುದು ಕಷ್ಟ. ಸಂದೇಶದಲ್ಲಿ ಕಳ್ಳನ ಹೆಸರಿಲ್ಲ, ಮುಖವಿಲ್ಲ. ಹಾಗಾಗಿ ಓದಿದವರು ಬೀದಿಯಲ್ಲಿ ಕಂಡ ಅಪರಿಚಿತನಿಗೆ ಅದನ್ನು ಹೊಂದಿಸುತ್ತಾರೆ. ಆತ ಗುಜರಿ ಆಯುವವನಿರಬಹುದು, ಕಂಬಳಿ ಮಾರುವವನಿರಬಹುದು, ಕನ್ನಡ ಬಾರದ ಕೂಲಿಯವನಿರಬಹುದು. 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದರು, ಆತ ಉಳಿಯಲಿಲ್ಲ. ಎರಡು ತಿಂಗಳೊಳಗೆ, ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಅವರ ಜೊತೆಗಿದ್ದವರು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಜನ ಸುತ್ತುವರಿದಾಗ ಕಾರಿನಲ್ಲಿ ಹೊರಟರು. ಆದರೆ ಕಾರಿಗಿಂತ ಮೊದಲು ವಾಟ್ಸಾಪ್ ಸಂದೇಶ ಮುಂದಿನ ಊರು ತಲುಪಿತ್ತು, ಅಲ್ಲಿ ರಸ್ತೆಗೆ ಅಡ್ಡ ಕಟ್ಟಿ ಜನ ಕಾಯುತ್ತಿದ್ದರು. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದರು. ಈಗಿನ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನ ಪ್ರಕಾರ, ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳು ಸುದ್ದಿ ಹರಡಿದರೆ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಫೋನಿನಲ್ಲಿ ಕಳಿಸಿದ್ದೂ ಅದರಲ್ಲಿ ಸೇರುತ್ತದೆ.

"ಇದು ನಿಜಾನಾ?" ಎಂದು ಕೇಳುತ್ತ ಆ ವಿಡಿಯೊವನ್ನೇ ಇನ್ನೊಂದು ಗುಂಪಿಗೆ ಹಾಕುವವರು ಬಹಳ. ಪ್ರಶ್ನಾರ್ಥಕ ಚಿಹ್ನೆ ನಾಲ್ಕನೇ ಕೈಗೆ ಹೋಗುವಷ್ಟರಲ್ಲಿ ಉದುರಿಹೋಗಿರುತ್ತದೆ. ಅಡ್ಮಿನ್‌ಗೆ ಒಬ್ಬರಿಗೇ ಕಳಿಸಿ ಕೇಳಿ, ಅಥವಾ ನಿಮ್ಮ ಠಾಣೆಗೆ ಫೋನ್ ಮಾಡಿ. ಬೆಂಗಳೂರು ಪೊಲೀಸರ ಎಕ್ಸ್ ಖಾತೆ @BlrCityPolice ಅನ್ನೂ ನೋಡಬಹುದು. ಸುಳ್ಳೆಂದು ಗೊತ್ತಾದರೆ ಅಡ್ಮಿನ್ ಆ ಸಂದೇಶವನ್ನು Delete for everyone ಮೂಲಕ ತೆಗೆಯಬಹುದು. ಆದರೆ ಅಷ್ಟರೊಳಗೆ ಬೇರೆ ಗುಂಪುಗಳಿಗೆ ದಾಟಿದ ಪ್ರತಿಗಳು ಇದರಿಂದ ಅಳಿಯುವುದಿಲ್ಲ. ಅದಕ್ಕೇ ತಿದ್ದುಪಡಿಯನ್ನು ಬೇರೆಯಾಗಿ ಬರೆದು ಹಾಕಬೇಕು, ಕಳಿಸಿದವರ ಹೆಸರೆತ್ತಿ ಹೀಯಾಳಿಸದೆ. ಮುಖಭಂಗವಾದ ಹಿರಿಯರು ತಾವು ಕಳಿಸಿದ ಇನ್ನುಳಿದ ಗುಂಪುಗಳಿಗೆ ತಿದ್ದುಪಡಿ ಕಳಿಸುವುದಿಲ್ಲ.

ನಿಜವಾಗಿಯೂ ಮಗು ಕಾಣೆಯಾದರೆ ಮೊದಲ ಕರೆ ಹೋಗಬೇಕಾದದ್ದು 112ಕ್ಕೆ. ಮಕ್ಕಳ ಸಹಾಯವಾಣಿ 1098. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, "24 ಗಂಟೆ ಕಾಯಿರಿ" ಎಂಬ ಮಾತಿಗೆ ಒಪ್ಪಬೇಡಿ. ಅಪರಿಚಿತನ ಮೇಲೆ ಅನುಮಾನ ಬಂದರೂ ಅದೇ 112. ಅವರ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ.

ಅಡ್ಮಿನ್‌ಗಳು ಈ ಸಾಲುಗಳನ್ನು ಹಾಗೇ ಬಳಸಿಕೊಳ್ಳಬಹುದು:

"ನೆರೆಹೊರೆಯವರೇ, ಮಕ್ಕಳ ಕಳ್ಳರ ಬಗ್ಗೆ ಇವತ್ತು ಬಂದ ವಿಡಿಯೊ ಪರಿಶೀಲಿಸಿದ್ದೇವೆ. ಇದು ಹಳೆಯದು, ನಮ್ಮೂರಿನದಲ್ಲ. ಠಾಣೆಯಲ್ಲೂ ವಿಚಾರಿಸಿದ್ದೇವೆ, ನಮ್ಮ ಬಡಾವಣೆಯಲ್ಲಿ ಅಂಥ ದೂರಿಲ್ಲ. ಬೇರೆ ಗುಂಪಿಗೆ ಕಳಿಸಿದ್ದರೆ ದಯವಿಟ್ಟು ಅಲ್ಲಿಗೂ ಈ ಮಾತು ಕಳಿಸಿ. ಯಾರ ಮೇಲಾದರೂ ಅನುಮಾನ ಬಂದರೆ ತಡೆದು ನಿಲ್ಲಿಸಬೇಡಿ, 112ಕ್ಕೆ ಕರೆ ಮಾಡಿ."

ಠಾಣೆಗೆ ಫೋನ್ ಮಾಡದೆ ಮೂರನೇ ವಾಕ್ಯವನ್ನು ಮಾತ್ರ ಹಾಕಬೇಡಿ.