ಬಲಕ್ಕೆ ಪೆಟ್ಟು, ಎಡಕ್ಕೆ ನೋವಿಲ್ಲ: ಬೆನ್ನುಹುರಿಯ ಪ್ರಶ್ನೆ ಗೋಜಲಾಗಿದ್ದು ಹೇಗೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಕಾಲೇಜುಗಳಲ್ಲಿ ಅನಾಟಮಿ ಓದುವವರಿಗೆ ಈ ಪ್ರಶ್ನೆ ಗೊತ್ತೇ ಇರುತ್ತದೆ. ಬೆನ್ನುಹುರಿಯ ಬಲ ಅರ್ಧ ಟಿ10, ಅಂದರೆ ಎದೆಭಾಗದ ಹತ್ತನೇ ಸೆಗ್ಮೆಂಟಿನ ಮಟ್ಟದಲ್ಲಿ ಕತ್ತರಿಸಿಹೋಗಿದೆ. ಯಾವ ಕಾಲು ಆಡುವುದಿಲ್ಲ? ನೋವು ಯಾವ ಕಡೆ ತಿಳಿಯುವುದಿಲ್ಲ? ಸ್ಪರ್ಶ ಯಾವ ಕಡೆ ಹೋಗುತ್ತದೆ? ಉತ್ತರ ಕಂಠಪಾಠ ಮಾಡಿದವರೂ ಆಯ್ಕೆಗಳನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ತಡವರಿಸುತ್ತಾರೆ.

1811ರಲ್ಲಿ ಬೆಲ್, 1822ರಲ್ಲಿ ಮಜೆಂಡಿ ಮಾಡಿದ ಕೆಲಸದಿಂದ, ಮುಂದಿನ ನರಬೇರು ಚಲನೆಗೆ, ಹಿಂದಿನದು ಸಂವೇದನೆಗೆ ಎಂಬುದು ನಿಂತಿತು. ಹಾಗಾದರೆ ಸಂವೇದನೆಯೆಲ್ಲ ಬೆನ್ನುಹುರಿಯ ಹಿಂಭಾಗದಲ್ಲೇ ಮೇಲೇರಬೇಕು ಎಂದು ಹಲವರು ನಂಬಿದರು. ಮಾರಿಷಸ್‌ನಲ್ಲಿ ಹುಟ್ಟಿದ ಬ್ರೌನ್-ಸೆಕಾರ್ 19ನೇ ಶತಮಾನದ ಮಧ್ಯದಲ್ಲಿ ಪ್ರಾಣಿಗಳ ಬೆನ್ನುಹುರಿಯ ಒಂದು ಪಕ್ಕವನ್ನಷ್ಟೇ ಕತ್ತರಿಸಿ ನೋಡಿದರು. ನೋವು ಕಳೆದುಕೊಂಡಿದ್ದು ಎದುರು ಪಕ್ಕದ ಕಾಲು. 1912ರಲ್ಲಿ ಸ್ಪಿಲ್ಲರ್ ಮತ್ತು ಮಾರ್ಟಿನ್ ಮನುಷ್ಯರಲ್ಲಿ ಬೆನ್ನುಹುರಿಯ ಮುಂಪಕ್ಕದ ಭಾಗವನ್ನು ಕತ್ತರಿಸಿ ತೀವ್ರ ನೋವು ತಗ್ಗಿಸಿದ್ದನ್ನು ವರದಿ ಮಾಡಿದರು. ನೋವಿನ ದಾರಿ ಬೇರೆ, ಸೂಕ್ಷ್ಮ ಸ್ಪರ್ಶದ ದಾರಿ ಬೇರೆ ಎಂಬುದಕ್ಕೆ ಅದು ಗಟ್ಟಿ ಆಧಾರ.

ತರಗತಿಯಲ್ಲಿ ಈ ಇಡೀ ಕಥೆ 'ನೋವು ಎದುರು ಪಕ್ಕ, ಉಳಿದದ್ದು ಅದೇ ಪಕ್ಕ' ಎಂಬ ಒಂದು ಸಾಲಾಯಿತು. ದೀರ್ಘ ಉತ್ತರದಲ್ಲಿ ಚಿತ್ರ ಬಿಡಿಸಿ ಟ್ರ್ಯಾಕ್ಟ್‌ಗಳ, ಅಂದರೆ ನರನಾರುಗಳ ದಾರಿಗಳ ಹೆಸರು ಬರೆದರೆ ಸಾಕಾಗುತ್ತಿತ್ತು. ನಾಲ್ಕು ಆಯ್ಕೆಯ ಪ್ರಶ್ನೆಗೆ ಬಂದಾಗ ಆ ಸಾಲು ಸಾಲದಾಯಿತು. ಕಾರಣ, ಟ್ರ್ಯಾಕ್ಟ್ ಎಲ್ಲಿ ದಾಟುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ.

ಮೇಲಿನ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಚಲನೆಯ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್ ಮಿದುಳಿನ ಬುಡದ ಮೆಡುಲ್ಲಾದಲ್ಲೇ ಎದುರು ಪಕ್ಕಕ್ಕೆ ದಾಟಿ ಕೆಳಗೆ ಇಳಿದಿರುತ್ತದೆ. ಹಾಗಾಗಿ ಟಿ10ರಲ್ಲಿ ಬಲಕ್ಕೆ ಪೆಟ್ಟಾದರೆ ಬಲಗಾಲೇ ಸೋಲುತ್ತದೆ. ಪೆಟ್ಟಾದ ಹೊಸತರಲ್ಲಿ ಆ ಕಾಲು ಜೋಲು ಬಿದ್ದಿರಬಹುದು. ಕೆಲವು ವಾರಗಳಾದ ಮೇಲೆ ಬಿಗಿಯುತ್ತದೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆದ್ದುಕೊಳ್ಳುತ್ತದೆ.

ಟ್ಯೂನಿಂಗ್ ಫೋರ್ಕ್‌ನ ಕಂಪನ, ಹೆಬ್ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬ ಅರಿವು, ಇವು ಹುರಿಯ ಹಿಂಭಾಗದ ಡಾರ್ಸಲ್ ಕಾಲಮ್‌ನಲ್ಲಿ ಅದೇ ಪಕ್ಕದಲ್ಲೇ ಏರಿ ಮೆಡುಲ್ಲಾದಲ್ಲಿ ದಾಟುತ್ತವೆ. ಆದ್ದರಿಂದ ಇವೂ ಬಲಗಾಲಿನಲ್ಲೇ ಹೋಗುತ್ತವೆ.

ನೋವು ಮತ್ತು ಬಿಸಿ-ತಂಪಿನ ನಾರುಗಳು ಮಾತ್ರ ಬೆನ್ನುಹುರಿ ಸೇರಿದ ಮೇಲೆ ಒಂದೆರಡು ಸೆಗ್ಮೆಂಟ್ ಏರುತ್ತಲೇ ಎದುರು ಪಕ್ಕಕ್ಕೆ ದಾಟಿ ಸ್ಪೈನೋಥಲಾಮಿಕ್ ಟ್ರ್ಯಾಕ್ಟ್ ಸೇರುತ್ತವೆ. ತುಂಬಾ ಜನ ಎಡವುವುದು ಇಲ್ಲೇ. ಹೊಕ್ಕಳಿನ ಮಟ್ಟದ ಎಡಗಡೆ, ಅಂದರೆ ಟಿ10ರಿಂದ ಬಂದ ನಾರುಗಳು ಬಲಕ್ಕೆ ದಾಟುವ ಹೊತ್ತಿಗೆ ಪೆಟ್ಟಿನ ಜಾಗಕ್ಕಿಂತ ಮೇಲಿರುತ್ತವೆ, ಬಚಾವಾಗುತ್ತವೆ. ಟಿ12ರ ನಾರುಗಳು ಪೆಟ್ಟಿನ ಕೆಳಗೇ ದಾಟಿ ಸಿಕ್ಕಿಬೀಳುತ್ತವೆ. ಹಾಗಾಗಿ ಎಡಗಡೆ ಗುಂಡುಸೂಜಿಯ ಚುಚ್ಚು ಹೊಕ್ಕಳಿನ ಹತ್ತಿರ ತಿಳಿಯುತ್ತದೆ, ತೊಡೆಸಂದಿನ ಕಡೆ ಬರುವಷ್ಟರಲ್ಲಿ ತಿಳಿಯದಾಗುತ್ತದೆ. 'ಟಿ10ರಿಂದಲೇ ಕೆಳಗೆ' ಎಂಬ ಆಯ್ಕೆ ಬಲೆ. ಇನ್ನೊಂದು ಮಾತು: ಬಲಗಡೆಯಲ್ಲೂ ಹೊಕ್ಕಳಿನ ಮಟ್ಟದಲ್ಲಿ ಒಂದು ಸಣ್ಣ ಪಟ್ಟಿಯಷ್ಟು ಜಾಗದಲ್ಲಿ ಎಲ್ಲ ಸಂವೇದನೆಯೂ ಹೋಗಬಹುದು. ಅಲ್ಲಿಗೆ ಬರುವ ನಾರುಗಳು ಒಳಬರುವ ಕಡೆಯೇ ಕತ್ತರಿಸಿರುತ್ತವೆ.

ಸ್ಪರ್ಶದ ವಿಷಯದಲ್ಲಿ ನನಗೆ ಬೇಸರವಿದೆ. ಸೂಕ್ಷ್ಮ ಸ್ಪರ್ಶ ಡಾರ್ಸಲ್ ಕಾಲಮ್‌ನದು, ಆದರೆ ಒರಟು ಸ್ಪರ್ಶಕ್ಕೆ ಎರಡೂ ಪಕ್ಕದಲ್ಲಿ ದಾರಿ ಇದೆ. ಹತ್ತಿ ಸವರಿದರೆ ರೋಗಿ ಎರಡೂ ಕಾಲಿನಲ್ಲಿ ತಿಳಿಯುತ್ತದೆ ಅನ್ನಬಹುದು. ಬರೀ 'ಸ್ಪರ್ಶ' ಅಂತ ಕೇಳಿದ ಪ್ರಶ್ನೆಗೆ ಉತ್ತರ ಪಕ್ಕಾ ಇರುವುದಿಲ್ಲ. ಕಂಪನ ಅಂತಲೋ, ಸೂಕ್ಷ್ಮ ಸ್ಪರ್ಶ ಅಂತಲೋ ಬರೆದರೆ ಗೊಂದಲವಿರುವುದಿಲ್ಲ, ಅಲ್ವಾ?

ವಾರ್ಡಿನಲ್ಲಿ ಇಷ್ಟು ಚೊಕ್ಕ ಅರ್ಧ ಕತ್ತರಿ ಕಾಣುವುದು ಅಪರೂಪ. ಚಾಕುವಿನ ಇರಿತದಲ್ಲಿ ಹತ್ತಿರ ಹತ್ತಿರ ಸಿಗಬಹುದು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಹಳ್ಳಿಗಳಿವೆ. ವರ್ಷಗಟ್ಟಲೆ ಅದನ್ನೇ ಕುಡಿದವರಲ್ಲಿ ಬೆನ್ನೆಲುಬಿನ ಕಟ್ಟುಗಳು ಗಟ್ಟಿಯಾಗಿ ಹುರಿಯ ದಾರಿ ಕಿರಿದಾಗುವುದುಂಟು. ಬೆನ್ನೆಲುಬಿನ ಟಿಬಿಯೂ ಹೀಗೇ ಒತ್ತುತ್ತದೆ. ಒತ್ತಡಕ್ಕೆ ಎಡ-ಬಲದ ಗೆರೆ ಇರುವುದಿಲ್ಲ, ಹೆಚ್ಚಾಗಿ ಎರಡೂ ಕಾಲು ಬಿಗಿಯುತ್ತವೆ. ಅಂಥವರಲ್ಲಿ ಒಂದು ಕಾಲು ಜಾಸ್ತಿ ಸೋತು, ಎದುರು ಕಾಲಿನಲ್ಲಿ ಚುಚ್ಚು ಕಡಿಮೆ ತಿಳಿದರೆ, ಒತ್ತಡ ಯಾವ ಪಕ್ಕ ಹೆಚ್ಚಿದೆ ಎಂದು ಎಂಆರ್‌ಐಗೆ ಕಳಿಸುವ ಮೊದಲೇ ಊಹಿಸಬಹುದು. ಗುಂಡುಸೂಜಿಯನ್ನು ಪಾದದಿಂದ ಶುರುಮಾಡಿ ಮೇಲಕ್ಕೆ ತರಬೇಕು. ಚುಚ್ಚು ತಿಳಿಯಲು ಶುರುವಾದ ಜಾಗಕ್ಕಿಂತ ಒಂದೆರಡು ಸೆಗ್ಮೆಂಟ್ ಮೇಲಿನವರೆಗೂ ಹುರಿಯಲ್ಲಿ ಒತ್ತಡದ ಜಾಗ ಹುಡುಕಬೇಕು.