ರೆಸ್ಯೂಮೆಯ ಪಿಡಿಎಫ್ ಒಳಗೆ ಏನಿದೆ?

ಪಿಡಿಎಫ್ ಕಡತವನ್ನು ತೆರೆದಾಗ ನಮಗೆ ಪದಗಳು, ಸಾಲುಗಳು, ಪ್ಯಾರಾಗಳು ಕಾಣುತ್ತವೆ. ಕಡತದ ಒಳಗಿರುವುದು ಬೇರೆ: ‘ಈ ಫಾಂಟಿನ ಇಂಥ ಅಕ್ಷರರೂಪವನ್ನು ಪುಟದ ಇಂಥ ಜಾಗದಲ್ಲಿ ಇಡು’ ಎಂಬ ಆಜ್ಞೆಗಳ ಸರಣಿ. 1993ರಲ್ಲಿ ಅಡೋಬಿ ಸಂಸ್ಥೆ ಇದನ್ನು ಹೊರತಂದದ್ದೇ ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂದು. ಫಾಂಟು ಸಾಮಾನ್ಯವಾಗಿ ಕಡತದೊಳಗೇ ಅಡಕವಾಗಿರುವುದರಿಂದ ಮೊಬೈಲಿನಲ್ಲೂ ಪುಟ ಕೆಡುವುದಿಲ್ಲ. ವರ್ಡ್ ಕಡತದಲ್ಲಿ ಸಾಮಾನ್ಯವಾಗಿ ಫಾಂಟಿನ ಹೆಸರು ಮಾತ್ರ ಇರುತ್ತದೆ. ಆ ಫಾಂಟು ಇಲ್ಲದ ಫೋನು ಬೇರೊಂದನ್ನು ಹಾಕಿಕೊಳ್ಳುತ್ತದೆ. ಅಕ್ಷರಗಳ ಅಗಲ ಬದಲಾಗಿ, ಒಂದು ಪುಟದ ರೆಸ್ಯೂಮೆಯ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಜಾರುತ್ತವೆ.

ಹಾಗಾದರೆ ಪಿಡಿಎಫ್ ಕಳುಹಿಸಿದರೆ ಸಾಕಲ್ಲ? ಕಣ್ಣಿನಿಂದ ಓದುವವರಿಗೆ ಸಾಕು. ಆದರೆ ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಸಾಮಾನ್ಯವಾಗಿ ಒಂದು ತಂತ್ರಾಂಶ. ಅದು ಪುಟದಲ್ಲಿ ಹರಡಿರುವ ಅಕ್ಷರಗಳನ್ನು ಹೆಕ್ಕಿ, ಯಾವುದರ ಪಕ್ಕ ಯಾವುದಿದೆ ಎಂದು ಅಂದಾಜಿಸಿ, ಮತ್ತೆ ಸಾಲುಗಳನ್ನಾಗಿ ಜೋಡಿಸಬೇಕು. ಎಡವಟ್ಟಾಗುವುದು ಈ ಅಂದಾಜಿನಲ್ಲಿ.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಎರಡು ಕಾಲಂಗಳ ಮಾದರಿಯೊಂದನ್ನು ತೆಗೆದುಕೊಳ್ಳೋಣ. ಎಡಗಡೆ ಬಣ್ಣದ ಪಟ್ಟಿಯಲ್ಲಿ ಕೌಶಲಗಳು: ಆಟೋಕ್ಯಾಡ್, ಎಕ್ಸೆಲ್, ಟ್ಯಾಲಿ. ಬಲಗಡೆ ಅನುಭವ: ‘ಸೈಟ್ ಸೂಪರ್‌ವೈಸರ್’, ಅದರ ಕೆಳಗೆ ಕಂಪನಿಯ ಹೆಸರು, ಅದರ ಕೆಳಗೆ ‘2019–2022’. ತಂತ್ರಾಂಶವು ಕಾಲಂಗಳ ನಡುವಿನ ಖಾಲಿ ಜಾಗವನ್ನು ಗುರುತಿಸದೆ ಪುಟದ ಅಡ್ಡಕ್ಕೆ ಓದಿದರೆ ಸಿಗುವುದು ‘ಆಟೋಕ್ಯಾಡ್ ಸೈಟ್ ಸೂಪರ್‌ವೈಸರ್’, ‘ಟ್ಯಾಲಿ 2019–2022’. ಹುದ್ದೆಯ ಹೆಸರೇ ಬದಲಾಯಿತು, ಕಂಪನಿಯಲ್ಲಿ ದುಡಿದ ಮೂರು ವರ್ಷ ಟ್ಯಾಲಿಯ ಪಾಲಾಯಿತು. ಎಲ್ಲ ತಂತ್ರಾಂಶಗಳೂ ಹೀಗೆ ಎಡವುವುದಿಲ್ಲ, ಕಾಲಂ ಗುರುತಿಸುವವೂ ಇವೆ. ಆದರೆ ಎದುರಿಗಿರುವುದು ಯಾವುದೆಂದು ಅರ್ಜಿದಾರರಿಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ಒಂದೇ ಕಾಲಂ ಸರಿ. ಹೆಸರು, ಫೋನ್ ನಂಬರುಗಳನ್ನು ಪುಟದ ಹೆಡರ್‌ನಲ್ಲಿ ಇಡದೆ ಮುಖ್ಯ ಪಠ್ಯದಲ್ಲೇ ಬರೆಯಬೇಕು, ಏಕೆಂದರೆ ಹೆಡರನ್ನು ಓದದೇ ಬಿಡುವ ತಂತ್ರಾಂಶಗಳಿವೆ.

ಫೋನಿನಲ್ಲಿ ಓದುವವರ ಲೆಕ್ಕವೂ ಒಂದಿದೆ. ಎ4 ಹಾಳೆಯ ಅಗಲ 210 ಮಿ.ಮೀ., ಫೋನಿನ ಪರದೆಯದು ಸುಮಾರು 70. ಪುಟ ಮೂರನೇ ಒಂದಕ್ಕೆ ಕುಗ್ಗುತ್ತದೆ. 11 ಪಾಯಿಂಟಿನ ಅಕ್ಷರ ನಾಲ್ಕು ಪಾಯಿಂಟಿಗಿಂತಲೂ ಚಿಕ್ಕದಾಗುತ್ತದೆ. ಫೋನನ್ನು ಅಡ್ಡ ಹಿಡಿದರೆ ಅದೇ ಅಕ್ಷರ ಎಂಟರ ಹತ್ತಿರ ಬಂದು ಓದಲು ಸಿಗುತ್ತದೆ. ಒಂದು ಪುಟದಲ್ಲಿ ತುರುಕುವ ಆಸೆಗೆ 9 ಪಾಯಿಂಟಿಗೆ ಇಳಿಸಿದವರಿಗೆ ಈ ಅನುಕೂಲವೂ ಇಲ್ಲ.

ಫಾಂಟಿನ ವಿಚಾರದಲ್ಲಿ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯವಲ್ಲ. ಅವು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತದಲ್ಲಿ ಉಳಿಯುವುದು `PÀ£ÀßqÀ`. ವರ್ಡ್ ಕಡತವಾದರೆ ಫೋನಿನಲ್ಲಿ ಈ ಗೋಜಲೇ ಕಾಣುವುದರಿಂದ ತಪ್ಪು ತಕ್ಷಣ ತಿಳಿಯುತ್ತದೆ. ಪಿಡಿಎಫ್‌ನಲ್ಲಿ ಅಂದವಾದ ಕನ್ನಡ ಕಾಣುತ್ತಿರುವಾಗಲೇ ತಂತ್ರಾಂಶದ ಕೈಗೆ ಗೋಜಲು ಸೇರುತ್ತಿರುತ್ತದೆ. ಹಳೆಯ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಬಳಸಬೇಕು. ಅಷ್ಟಾದರೂ ಪಿಡಿಎಫ್‌ನಿಂದ ಹೆಕ್ಕಿದ ಕನ್ನಡದಲ್ಲಿ ಒತ್ತಕ್ಷರ, ಗುಣಿತಗಳು ಅದಲುಬದಲಾಗುವುದುಂಟು. ಪುಟದ ಮೇಲಿನ ರೂಪಕ್ಕೂ ಯೂನಿಕೋಡ್ ಅಕ್ಷರಕ್ಕೂ ಒಂದಕ್ಕೊಂದು ಹೊಂದಾಣಿಕೆ ಇರುವುದಿಲ್ಲ. ವರ್ಡ್ ಕಡತವು ಟೈಪ್ ಮಾಡಿದ ಅಕ್ಷರಗಳನ್ನೇ ಅದೇ ಕ್ರಮದಲ್ಲಿ ಇಟ್ಟುಕೊಳ್ಳುವುದರಿಂದ, ತಂತ್ರಾಂಶ ಓದಬೇಕಾದ ಕನ್ನಡ ರೆಸ್ಯೂಮೆಗೆ `.docx` ಹೆಚ್ಚು ಸುರಕ್ಷಿತ.

ಇಂಗ್ಲಿಷ್ ರೆಸ್ಯೂಮೆಯಲ್ಲೂ ಇದರ ಸಣ್ಣ ರೂಪವೊಂದಿದೆ. ಕೆಲವು ಫಾಂಟುಗಳು f ಮತ್ತು i ಅಕ್ಷರಗಳನ್ನು ಬೆಸೆದು ಒಂದೇ ರೂಪ ಮಾಡುತ್ತವೆ. ಹೆಕ್ಕುವಾಗ ಆ ರೂಪ ಕಳಚಿಹೋದರೆ `certified` ಎಂಬುದು `certied` ಆಗುತ್ತದೆ, ಆ ಪದಕ್ಕಾಗಿ ಹುಡುಕಿದವರಿಗೆ ಅರ್ಜಿ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು ನಕಲಿಸಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಏನೂ ಬರದಿದ್ದರೆ ಆ ಪುಟ ಬಹುಶಃ ಸ್ಕ್ಯಾನ್ ಮಾಡಿದ ಚಿತ್ರವಷ್ಟೇ. ಬಂದರೆ ಫೋನ್ ನಂಬರು ಇಡಿಯಾಗಿದೆಯೇ, ಪ್ರತಿ ಕಂಪನಿಯ ಪಕ್ಕ ಅದರದೇ ವರ್ಷಗಳಿವೆಯೇ ನೋಡಿ. ಇದರಲ್ಲಿ ಗೆದ್ದ ಕಡತ ಎಲ್ಲ ತಂತ್ರಾಂಶಗಳಲ್ಲೂ ಗೆಲ್ಲುತ್ತದೆಂಬ ಖಾತರಿಯಿಲ್ಲ, ಸೋತದ್ದನ್ನಂತೂ ಕಳುಹಿಸಬಾರದು. ಕೆಲವು ಉದ್ಯೋಗ ತಾಣಗಳು ರೆಸ್ಯೂಮೆ ಏರಿಸಿದ ಕೂಡಲೇ ಅರ್ಜಿಯ ಖಾನೆಗಳನ್ನು ತಾವೇ ತುಂಬಿಕೊಳ್ಳುತ್ತವೆ. ಆ ಖಾನೆಗಳಲ್ಲಿ ಇರುವುದೇ ತಂತ್ರಾಂಶಕ್ಕೆ ಕಂಡದ್ದು. ಮುಂದಿನ ಗುಂಡಿ ಒತ್ತುವ ಮೊದಲು ಹುದ್ದೆ ಮತ್ತು ವರ್ಷಗಳನ್ನು ಅಲ್ಲಿಯೇ ತಿದ್ದಬಹುದು.