ಸಿಗರೇಟು ಇಳಿಸುವ ಟೆನ್ಷನ್ ಬಂದಿದ್ದೆಲ್ಲಿಂದ?

ಟೆನ್ಷನ್ ಆದಾಗ ಒಂದು ಸಿಗರೇಟು ಸೇದಿದರೆ ತಲೆ ಹಗುರಾಗುತ್ತದೆ ಎನ್ನುವವರು ಸುಳ್ಳು ಹೇಳುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತದೆ. ಆದರೆ ಇಳಿದಿದ್ದು ಯಾವ ಟೆನ್ಷನ್?

ನಿಕೋಟಿನ್ ಎದೆಬಡಿತ ಮತ್ತು ರಕ್ತದೊತ್ತಡ ಎರಡನ್ನೂ ಏರಿಸುತ್ತದೆ. ಇಂಥ ವಸ್ತು ಮನಸ್ಸನ್ನು ತಣ್ಣಗೆ ಮಾಡುತ್ತದೆ ಅಂದರೆ ವಿಚಿತ್ರ ಅಲ್ವಾ? ಗುಟ್ಟು ಇರುವುದು ಅದು ದೇಹದಿಂದ ಇಳಿದುಹೋಗುವ ವೇಗದಲ್ಲಿ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧವಾಗುತ್ತದೆ. ದಿನಾ ಸೇದುವವರ ಮಿದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ, ನಿಕೋಟಿನ್ ಅಂಟಿಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡಿರುತ್ತದೆ. ನಿಕೋಟಿನ್ ಇಳಿದಂತೆ ಚಡಪಡಿಕೆ, ಸಿಡುಕು, ಗಮನ ನಿಲ್ಲದಿರುವುದು ಶುರುವಾಗುತ್ತವೆ.

ಒಬ್ಬರು ಬೆಳಿಗ್ಗೆ 9ಕ್ಕೆ ಸೇದಿದರು ಎಂದುಕೊಳ್ಳಿ. 11ಕ್ಕೆ ಆ ನಿಕೋಟಿನ್ ಅರ್ಧ ಉಳಿದಿರುತ್ತದೆ, 1 ಗಂಟೆಗೆ ಕಾಲು ಭಾಗ. ಅಷ್ಟು ಹೊತ್ತಿಗೆ ಮೇಲಧಿಕಾರಿ ಬೈಯುತ್ತಾರೆ. ಪಕ್ಕದಲ್ಲಿ ಸಿಗರೇಟು ಮುಟ್ಟದ ಸಹೋದ್ಯೋಗಿಗೂ ಬೈಗುಳ ಬೀಳುತ್ತದೆ. ಸಹೋದ್ಯೋಗಿಗೆ ಇರುವುದು ಬೈಗುಳದ ಬೇಸರ ಮಾತ್ರ. ಸೇದುವವರಿಗೆ ಅದರ ಮೇಲೆ ನಿಕೋಟಿನ್ ಇಳಿದ ಚಡಪಡಿಕೆಯೂ ಸೇರಿರುತ್ತದೆ. ಹೊರಗೆ ಹೋಗಿ ಒಂದು ದಮ್ಮು ಎಳೆದರೆ ನಿಕೋಟಿನ್ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಚಡಪಡಿಕೆ ನಿಲ್ಲುತ್ತದೆ. ಬೈಗುಳದ ಬೇಸರ ಇದ್ದಲ್ಲೇ ಇರುತ್ತದೆ. ಆದರೂ ಟೆನ್ಷನ್ ತಂದ ಹೆಸರು ಮೇಲಧಿಕಾರಿಗೆ, ಇಳಿಸಿದ ಹೆಸರು ಸಿಗರೇಟಿಗೆ! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ.

ಬ್ರಿಟನ್ನಿನ ಮನೋವಿಜ್ಞಾನಿ ಆಂಡಿ ಪ್ಯಾರಟ್ 1999ರಲ್ಲಿ ಈ ವಾದವನ್ನು ಬಿಡಿಸಿಟ್ಟರು. ಸೇದಿದ ಕೂಡಲೇ ಧೂಮಪಾನಿಗಳು ತಲುಪುವುದು ಸೇದದವರ ಮಾಮೂಲಿ ಸ್ಥಿತಿಯನ್ನು ಮಾತ್ರ, ಒಂದು ಸಿಗರೇಟಿಗೂ ಇನ್ನೊಂದಕ್ಕೂ ನಡುವೆ ಮತ್ತೆ ಕೆಳಗೆ ಬೀಳುತ್ತಾರೆ ಎಂದರು. ಕೆಲಸದಿಂದ ಎದ್ದು ಹೊರಗೆ ಹೋಗಿ ದೀರ್ಘವಾಗಿ ಉಸಿರೆಳೆದಿದ್ದರಿಂದಲೂ ಒಂದಿಷ್ಟು ಆರಾಮ ಸಿಗಬಹುದು. ಅದಕ್ಕೆ ಹೊಗೆ ಬೇಕಿಲ್ಲ.

ಹಾಗಾದರೆ ಬಿಟ್ಟವರು ಯಾಕೆ ಜಾಸ್ತಿ ಸಿಡುಕುತ್ತಾರೆ? ನಿಕೋಟಿನ್ ಇಲ್ಲದ ತೊಂದರೆ ಮೊದಲ ವಾರದಲ್ಲೇ ಅತಿ ಹೆಚ್ಚು. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಅದು ತಗ್ಗುತ್ತದೆ. ಎಷ್ಟೋ ಜನ ಮೂರನೇ ದಿನವೇ ‘ಸಿಗರೇಟಿಲ್ಲದೆ ನನಗೆ ಆಗಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಅಳೆಯಲು ಅದಕ್ಕಿಂತ ಕೆಟ್ಟ ದಿನವಿಲ್ಲ. ಕನಿಷ್ಠ 6 ವಾರ ಕಳೆದ ಮೇಲೆ ಅಳೆದಿದ್ದ 26 ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಸೇದುತ್ತಲೇ ಇದ್ದವರಿಗಿಂತ ಹೆಚ್ಚು ಇಳಿದಿದ್ದವು. ಬದುಕು ಸುಧಾರಿಸಿದ್ದರಿಂದಲೇ ಕೆಲವರು ಬಿಟ್ಟಿರಬಹುದು ಎಂಬ ಅನುಮಾನವನ್ನು ಇಂಥ ಅಧ್ಯಯನಗಳು ಪೂರ್ತಿ ತಳ್ಳಿಹಾಕಲಾರವು. ಆದರೆ ಸಿಗರೇಟು ನಿಜಕ್ಕೂ ಒತ್ತಡದ ಮದ್ದಾಗಿದ್ದರೆ, ಬಿಟ್ಟವರ ಒತ್ತಡ ಏರಬೇಕಿತ್ತು.